ಪಿಕ್ಲಿಂಗ್ ಪೇಸ್ಟ್‌ನ ಎಚ್ಚರಿಕೆ ಕಾರ್ಡು: ‘ಸುಟ್ಟಗಾಯ’ ಎಂದು ಬರೆದರೆ ಕಾರ್ಮಿಕರಿಗೆ ಏನು ತಿಳಿಯುತ್ತದೆ?

ಕಡತಗಾರ್ತಿ

ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು ತಯಾರಿಸುವ ಕಾರ್ಖಾನೆಯೊಂದಕ್ಕೆ ಕನ್ನಡದಲ್ಲಿ ಸುರಕ್ಷತಾ ಕಾರ್ಡು ಬರೆದುಕೊಡುತ್ತಿದ್ದೇನೆ. ವೆಲ್ಡಿಂಗ್ ಆದ ಮೇಲೆ ಬೆಸುಗೆಯ ಸುತ್ತ ಉಳಿಯುವ ಕಪ್ಪು ತೆಗೆಯಲು ಬ್ರಷ್‌ನಿಂದ ಹಚ್ಚುವ ಪಿಕ್ಲಿಂಗ್ ಪೇಸ್ಟ್ ಇದೆಯಲ್ಲ, ಈಗ ಅದರ ಸರದಿ. ತಯಾರಕರು ಕೊಟ್ಟಿರುವ ಸುರಕ್ಷತಾ ಹಾಳೆ ಇಂಗ್ಲಿಷಿನಲ್ಲಿದೆ. ಪೇಸ್ಟ್‌ನಲ್ಲಿ ನೈಟ್ರಿಕ್ ಆಮ್ಲ ಶೇ. 20ರ ಆಸುಪಾಸು, ಹೈಡ್ರೋಫ್ಲೋರಿಕ್ ಆಮ್ಲ ಶೇ. 5. ಎರಡನೇ ಭಾಗದಲ್ಲಿ H301, H310, H314 ಎಂಬ ಮೂರು ವಾಕ್ಯಗಳಿವೆ. ನನ್ನ ಕರಡು ಹೀಗಿದೆ:

“ನುಂಗಿದಲ್ಲಿ ವಿಷಕಾರಿ. ಚರ್ಮದ ಸಂಪರ್ಕಕ್ಕೆ ಬಂದಲ್ಲಿ ಮಾರಣಾಂತಿಕ. ತೀವ್ರ ಸ್ವರೂಪದ ಚರ್ಮದ ಸುಟ್ಟಗಾಯ ಹಾಗೂ ಕಣ್ಣಿನ ಹಾನಿಯನ್ನು ಉಂಟುಮಾಡುತ್ತದೆ. ಚರ್ಮದ ಮೇಲೆ ಬಿದ್ದಲ್ಲಿ: ಕಲುಷಿತಗೊಂಡ ಎಲ್ಲ ಉಡುಪುಗಳನ್ನು ತಕ್ಷಣ ಕಳಚಿರಿ. ಚರ್ಮವನ್ನು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಲ್ಲಿ: ಹಲವು ನಿಮಿಷಗಳ ಕಾಲ ನೀರಿನಿಂದ ಜಾಗರೂಕತೆಯಿಂದ ತೊಳೆಯಿರಿ. ತಕ್ಷಣ ವಿಷ ಕೇಂದ್ರ/ವೈದ್ಯರಿಗೆ ಕರೆ ಮಾಡಿರಿ.”

ವ್ಯವಸ್ಥಾಪಕರು ಒಪ್ಪಿದರು. ಕಾರ್ಮಿಕರು ಓದಿ, ತಲೆಯಾಡಿಸಿ, ಕಾರ್ಡನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಅರ್ಥವಾಯಿತೇ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಆದರೂ ಇದು ಕೆಲಸಕ್ಕೆ ಬರುವ ಕಾರ್ಡು ಅನ್ನಿಸುತ್ತಿಲ್ಲ. ಎಲ್ಲಿ ತಿದ್ದಬೇಕು?

ಪದಕೋಶ ಪ್ರಿಯ

ಮೊದಲು ಪಾರಿಭಾಷಿಕ ಪದಗಳು ನಿಲ್ಲಬೇಕು ಮೇಡಂ. H314ರ ವರ್ಗಕ್ಕೆ ಕೆಲವರು ‘ಕ್ಷಾರಕ’ ಎನ್ನುತ್ತಾರೆ, ಕೆಲವರು ‘ನಾಶಕಾರಿ’, ಇನ್ನು ಕೆಲವರು ‘ಸಂಕ್ಷಾರಕ’. ಕ್ಷಾರ ಎಂದರೆ ಆಮ್ಲಕ್ಕೆ ಎದುರಾದದ್ದು. ಆಮ್ಲದ ಡಬ್ಬಿಯ ಮೇಲೆ ‘ಕ್ಷಾರಕ’ ಎಂದು ಬರೆಯುವುದು ತಪ್ಪಲ್ಲವೇ? ಇದಕ್ಕೆ ಸರ್ಕಾರದ ಅಧಿಕೃತ ಕನ್ನಡ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ತಿಳಿಸಿ, ನಾವೆಲ್ಲ ಅದನ್ನೇ ಬಳಸೋಣ.

ಹಳೆಯ ಕೆಮಿಸ್ಟ್

ಈ H ವಾಕ್ಯಗಳು ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸಿ ಲೇಬಲ್ ಹಾಕಲು ವಿಶ್ವಸಂಸ್ಥೆ ಮಾಡಿದ ಜಿಎಚ್‌ಎಸ್ ಪದ್ಧತಿಯವು. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅವುಗಳ ಪಾಠ ಇದೆ, ಯುರೋಪಿನ ಒಕ್ಕೂಟ ತನ್ನ ಭಾಷೆಗಳಲ್ಲಿ ಮಾಡಿಕೊಂಡಿದೆ. ಆ ಎರಡರಲ್ಲೂ ಕನ್ನಡ ಇಲ್ಲ. ಆದ್ದರಿಂದ ಪದಕ್ಕಾಗಿ ಕಾದು ಕುಳಿತರೆ ಕಾರ್ಡು ಬರುವುದಿಲ್ಲ. ‘ಕ್ಷಾರಕ’ ಬೇಡ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ನಿಮ್ಮ ಕರಡಿನಲ್ಲಿ ನನಗೆ ಭಯವಾದದ್ದು ‘ಸುಟ್ಟಗಾಯ’ ಎಂಬಲ್ಲಿ. ಪದ ತಪ್ಪಲ್ಲ. ಆದರೆ ಅದನ್ನು ಓದಿದವನು ತನ್ನ ಕೈ ನೋಡಿಕೊಳ್ಳುತ್ತಾನೆ. ಬೊಬ್ಬೆ ಇಲ್ಲ, ಉರಿ ಇಲ್ಲ, ಹಾಗಾದರೆ ಏನೂ ಆಗಿಲ್ಲ ಎಂದುಕೊಂಡು ಕೆಲಸ ಮುಂದುವರಿಸುತ್ತಾನೆ. ಗಂಧಕಾಮ್ಲಕ್ಕೆ, ಕಾಸ್ಟಿಕ್ ಸೋಡಾಕ್ಕೆ ‘ಸುಟ್ಟಗಾಯ’ ನಡೆಯುತ್ತದೆ. ಹೈಡ್ರೋಫ್ಲೋರಿಕ್ ಆಮ್ಲಕ್ಕೆ, ಅಂದರೆ ಎಚ್‌ಎಫ್‌ಗೆ, ನಡೆಯುವುದಿಲ್ಲ.

ಕಾರಣ ಇಷ್ಟೇ. ಉಳಿದ ಆಮ್ಲಗಳು ಮೇಲಿನ ಪದರವನ್ನು ಸುಡುತ್ತವೆ. ಇದು ಚರ್ಮವನ್ನು ದಾಟಿ ಒಳಗೆ ಇಳಿಯುತ್ತದೆ. ಇಳಿದ ಫ್ಲೋರೈಡ್ ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದುಕೊಳ್ಳುತ್ತದೆ. ಅಂಗಾಂಶ ಒಳಗಿಂದ ಸಾಯುತ್ತದೆ, ಮೂಳೆಯವರೆಗೂ ಹೋಗಬಹುದು. ಹೆಚ್ಚು ಜಾಗಕ್ಕೆ ತಾಗಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. H310 ಹೇಳುತ್ತಿರುವ ಸಾವು ಅದು. ಸಾಂದ್ರತೆ ಶೇ. 50ಕ್ಕಿಂತ ಹೆಚ್ಚಿದ್ದರೆ ನೋವು ಕೂಡಲೇ ಬರುತ್ತದೆ. ಶೇ. 20ರಿಂದ 50ರವರೆಗೆ ಒಂದರಿಂದ ಎಂಟು ಗಂಟೆ ತಡವಾಗಬಹುದು. ಶೇ. 20ಕ್ಕಿಂತ ಕಡಿಮೆ ಇದ್ದರೆ 24 ಗಂಟೆಯವರೆಗೂ ಏನೂ ಅನ್ನಿಸದೆ ಇರಬಹುದು. ನಿಮ್ಮ ಪೇಸ್ಟ್ ಶೇ. 5. ಅಂದರೆ ನಿಮ್ಮ ಕಾರ್ಖಾನೆಯಲ್ಲಿ ಅಪಘಾತ ನಡೆಯುವುದು ಹಗಲು ಪಾಳಿಯಲ್ಲಿ, ನೋವು ಶುರುವಾಗುವುದು ಮನೆಯಲ್ಲಿ.

ಬಫಿಂಗ್ ವಿಭಾಗ

ಹಳೆಯ ಕೆಮಿಸ್ಟ್ ಸರ್ ಹೇಳಿದ್ದು ನನಗೇ ಆಗಿದೆ. ಕೈಗವಸಿನ ಬೆರಳ ತುದಿಯಲ್ಲಿ ಸಣ್ಣ ತೂತು ಇತ್ತು. ಮಧ್ಯಾಹ್ನ ಗವಸು ತೆಗೆದಾಗ ಬೆರಳು ಸ್ವಲ್ಪ ಹಳದಿಯಾಗಿತ್ತು. ನೈಟ್ರಿಕ್ ತಾಗಿದರೆ ಹಳದಿಯಾಗುವುದು ನಮಗೆ ಹೊಸದಲ್ಲ, ನಲ್ಲಿಯಲ್ಲಿ ತೊಳೆದುಕೊಂಡು ಊಟಕ್ಕೆ ಹೋದೆ. ರಾತ್ರಿ ಮಲಗಿದ ಮೇಲೆ ಉಗುರಿನ ಕೆಳಗೆ ಮಿಡಿಯುವ ನೋವು ಆರಂಭವಾಯಿತು. ಹೊರಗೆ ನೋಡಿದರೆ ಗಾಯವೇ ಇಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಬೆರಳು ಒತ್ತಿ ನೋಡಿ ನೋವಿನ ಮಾತ್ರೆ ಕೊಟ್ಟರು. ಏನು ತಾಗಿತ್ತು ಎಂದು ಕೇಳಿದರು, “ಪೇಸ್ಟು” ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಮರುದಿನ ದೊಡ್ಡ ಆಸ್ಪತ್ರೆಗೆ ಹೋದಾಗ ಉಗುರು ತೆಗೆಯಬೇಕಾಯಿತು.

ನಮ್ಮ ಡಬ್ಬಿಯ ಮೇಲೂ ‘ಸುಟ್ಟಗಾಯ’ ಎಂದೇ ಇತ್ತು. ಸುಟ್ಟಿರಲಿಲ್ಲವಲ್ಲ, ಹಾಗಾಗಿ ಅದು ನನಗೆ ಸಂಬಂಧಿಸಿದ್ದು ಅನ್ನಿಸಲೇ ಇಲ್ಲ.

ಎರಡನೇ ಪಾಳಿ

ನಾನು ಮೇಲ್ವಿಚಾರಕ, ಇಪ್ಪತ್ತು ಜನರನ್ನು ನೋಡಿಕೊಳ್ಳುತ್ತೇನೆ. ಕೆಮಿಸ್ಟ್ ಅವರು ಹೇಳಿದಂತೆ ಕ್ಯಾಲ್ಸಿಯಂ ಕೊರತೆಯೇ ಸಮಸ್ಯೆಯಾದರೆ ಪರಿಹಾರ ಸುಲಭ. ಆಮ್ಲಕ್ಕೆ ಎದುರು ಸುಣ್ಣ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಆಮ್ಲವನ್ನೂ ಕೊಲ್ಲುತ್ತದೆ. ನೆಲಕ್ಕೆ ಪೇಸ್ಟ್ ಚೆಲ್ಲಿದಾಗ ನಾವು ಸುಣ್ಣವನ್ನೇ ಹಾಕುವುದು. ಕಾರ್ಡಿನಲ್ಲಿ “ತಿಳಿಸುಣ್ಣ ಹಚ್ಚಿ” ಎಂದು ಒಂದು ಸಾಲು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾವ ಪಾಳಿಯಲ್ಲೂ ಸಿಗುತ್ತದೆ.

ಆಂಬುಲೆನ್ಸ್ ಕೊಠಡಿ

ದಯವಿಟ್ಟು ಆ ಸಾಲನ್ನು ಯಾರೂ ನಕಲು ಮಾಡಿಕೊಳ್ಳಬೇಡಿ. ನಾನು ಕಾರ್ಖಾನೆಯೊಂದರ ಆಂಬುಲೆನ್ಸ್ ಕೊಠಡಿಯಲ್ಲಿ ದಾದಿ.

ಎರಡನೇ ಪಾಳಿ ಸರ್, ಕ್ಯಾಲ್ಸಿಯಂ ಬೇಕು ಎಂಬುದು ಸರಿ, ನೆಲಕ್ಕೆ ಸುಣ್ಣ ಎಂಬುದೂ ಸರಿ. ಆದರೆ ಸುಣ್ಣವೇ ಚರ್ಮವನ್ನು ಸುಡುವ ವಸ್ತು. ಕಣ್ಣಿಗೆ ಹೋದರೆ ಆಮ್ಲದಷ್ಟೇ ಕೆಡುಕು. ಅಲ್ಲದೆ ಆಮ್ಲಕ್ಕೆ ಅದು ಸೇರಿದಾಗ ಬಿಸಿ ಹುಟ್ಟುತ್ತದೆ, ಅದು ಹುಟ್ಟುವುದು ಮನುಷ್ಯನ ಚರ್ಮದ ಮೇಲೆ. ಅಡುಗೆ ಸೋಡಾ ಕೂಡ ಬೇಡ. ಅದು ಮೇಲಿನ ಆಮ್ಲವನ್ನು ತಟಸ್ಥಗೊಳಿಸಬಹುದು, ಒಳಗೆ ಇಳಿದ ಫ್ಲೋರೈಡಿಗೆ ಅದರಿಂದ ಏನೂ ಆಗುವುದಿಲ್ಲ. ಅದನ್ನು ಹುಡುಕುತ್ತಾ ನೀರು ಹಾಕುವ ಸಮಯ ಕಳೆಯುತ್ತೇವೆ.

ಬೇಕಾದದ್ದು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ಶೇ. 2.5ರದ್ದು. ಕ್ರಮ ಹೀಗೆ: ತಾಗಿದ ಕೂಡಲೇ ಧಾರಾಳವಾಗಿ ಹರಿಯುವ ನೀರು. ನೀರಿನ ಕೆಳಗೆ ನಿಂತಿರುವಾಗಲೇ ಬಟ್ಟೆ, ಗವಸು, ಬೂಟು ತೆಗೆಯಬೇಕು. ಜೆಲ್ ಕೈಯಲ್ಲಿದ್ದರೆ ಐದು ನಿಮಿಷ ನೀರು ಸಾಕು, ಬೇಗ ಜೆಲ್‌ಗೆ ಹೋಗಬೇಕು. ಜೆಲ್ ಇಲ್ಲದಿದ್ದರೆ ಅದು ಬರುವವರೆಗೆ ಅಥವಾ ವಾಹನ ಬರುವವರೆಗೆ ನೀರು ನಿಲ್ಲಬಾರದು. ಜೆಲ್ ಹಚ್ಚುವವರು ಗವಸು ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಇಬ್ಬರು ರೋಗಿಗಳಾಗುತ್ತಾರೆ. ಹಚ್ಚಿ ಬಿಡುವುದಲ್ಲ, ಉಜ್ಜುತ್ತಾ ಇರಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗಿ ಹಚ್ಚಬೇಕು. ಬೆರಳಿಗೆ ತಾಗಿದ್ದರೆ ಒಂದು ಶುದ್ಧ ಗವಸಿನೊಳಗೆ ಜೆಲ್ ತುಂಬಿ ಕೈಯನ್ನು ಅದರಲ್ಲಿ ಇಳಿಸಿಬಿಡುವುದು ಸುಲಭ. ಆಸ್ಪತ್ರೆ ತಲುಪುವವರೆಗೂ ಹಾಗೆಯೇ ಇರಲಿ.

ಕಣ್ಣಿಗೆ ಈ ಜೆಲ್ ಹಾಕುವಂತಿಲ್ಲ. ಕಣ್ಣಿಗೆ ನೀರು ಮಾತ್ರ. ಮುಂದಿನದು ವೈದ್ಯರ ಕೆಲಸ.

ಇನ್ನೊಂದು ಮಾತು, ಇದು ಕಾರ್ಮಿಕರಿಗಲ್ಲ, ಕಾರ್ಡಿನ ಹಿಂಬದಿಯಲ್ಲಿ ವೈದ್ಯರಿಗಾಗಿ ಬರೆಯಬೇಕಾದದ್ದು. ಜೆಲ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ನೋವು ಇಳಿಯುವುದರಿಂದ. ಆ ಜಾಗವನ್ನು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ನಮಗಿರುವ ಒಂದೇ ಅಳತೆಗೋಲು ಕೈ ತಪ್ಪುತ್ತದೆ. ಬಫಿಂಗ್ ವಿಭಾಗದ ಸಹೋದರರಿಗೆ ಕೊಟ್ಟ ಮಾತ್ರೆ ಕೂಡ ನೋವನ್ನು ಮುಚ್ಚಿತೇ ಹೊರತು ಒಳಗಿನ ಕೆಲಸವನ್ನು ನಿಲ್ಲಿಸಲಿಲ್ಲ.

ಎರಡನೇ ಪಾಳಿ

ಸುಣ್ಣದ ಮಾತು ಹಿಂದಕ್ಕೆ. ಆದರೆ ನಿಮ್ಮ ಜೆಲ್ ನಮ್ಮ ಕಡೆ ಔಷಧಿ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಇಲ್ಲದ ವಸ್ತುವನ್ನು ಕಾರ್ಡಿನಲ್ಲಿ ಬರೆದು ಏನು ಪ್ರಯೋಜನ?

ಆಂಬುಲೆನ್ಸ್ ಕೊಠಡಿ

ಅದು ನ್ಯಾಯವಾದ ಪ್ರಶ್ನೆ. ಪೇಸ್ಟ್ ಮಾರುವವರಿಂದಲೇ ಜೆಲ್ ತರಿಸಿಕೊಡಿ ಎಂದು ಖರೀದಿ ವಿಭಾಗದವರು ಕೇಳಬಹುದು, ನಾವು ಹಾಗೆ ಮಾಡಿದ್ದೇವೆ. ತುರ್ತಿಗೆ ವೈದ್ಯರು ಇನ್ನೊಂದು ದಾರಿ ಹಿಡಿಯುತ್ತಾರೆ: ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ ಚುಚ್ಚುಮದ್ದಿನ ದ್ರವವನ್ನು 25 ಮಿಲಿ ಲೀಟರ್ ತೆಗೆದುಕೊಂಡು, ನೀರಿನಲ್ಲಿ ಕರಗುವ ಶುದ್ಧ ಜೆಲ್ಲಿ 75 ಮಿಲಿ ಲೀಟರಿಗೆ ಬೆರೆಸಿದರೆ ಶೇ. 2.5 ಆಗುತ್ತದೆ. ಇದನ್ನು ಕಾರ್ಮಿಕರ ಕಾರ್ಡಿಗೆ ಹಾಕಬೇಡಿ, ವೈದ್ಯರ ಬದಿಗೆ ಹಾಕಿ.

ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿ. ಜೆಲ್ ಇಲ್ಲದ ಜಾಗದಲ್ಲಿ ಪೇಸ್ಟ್ ಡಬ್ಬಿ ತೆರೆಯಬಾರದು.

ಬಾಯ್ಲರ್ ಮನೆ

ನಮ್ಮಲ್ಲಿ ಕಾಸ್ಟಿಕ್ ಸೋಡಾ ಇದೆ. ಅದರ ಹಾಳೆಯಲ್ಲೂ H314 ಇದೆ. ಹಾಗಾದರೆ ನಾವೂ ಈ ಕ್ಯಾಲ್ಸಿಯಂ ಜೆಲ್ ತರಿಸಬೇಕೇ? ಒಂದೇ ಸಂಖ್ಯೆಗೆ ಒಂದೇ ಚಿಕಿತ್ಸೆ ಇರಬೇಕಲ್ಲವೇ?

ಹಳೆಯ ಕೆಮಿಸ್ಟ್

ಇಲ್ಲ ಸರ್. ನಿಮಗೆ ನೀರು, ಇನ್ನೂ ನೀರು. ಜೆಲ್‌ನಿಂದ ನಿಮಗೆ ಉಪಯೋಗವಿಲ್ಲ.

ನಿಮ್ಮ ಪ್ರಶ್ನೆ ಕಡತಗಾರ್ತಿಯವರಿಗೂ ಬೇಕಾದದ್ದು. H ಸಂಖ್ಯೆ ಹೇಳುವುದು ಏನಾಗುತ್ತದೆ ಎಂಬುದನ್ನು, ಯಾವುದರಿಂದ ಆಗುತ್ತದೆ ಎಂಬುದನ್ನಲ್ಲ. ಕಾಸ್ಟಿಕ್ ಸೋಡಾ, ಗಂಧಕಾಮ್ಲ, ಎಚ್‌ಎಫ್ ಪೇಸ್ಟ್ ಮೂರಕ್ಕೂ H314 ಬರುತ್ತದೆ. ಆದ್ದರಿಂದ ಸಂಖ್ಯೆಗೆ ತಕ್ಕ ಕನ್ನಡ ವಾಕ್ಯಗಳ ಒಂದು ಕೋಷ್ಟಕ ಮಾಡಿಕೊಂಡು ಎಲ್ಲ ಕಾರ್ಡುಗಳಿಗೂ ಅಂಟಿಸುತ್ತಾ ಹೋದರೆ ಮೂರು ಕಾರ್ಡುಗಳೂ ಒಂದೇ ಆಗುತ್ತವೆ. ಪ್ರಥಮ ಚಿಕಿತ್ಸೆಯನ್ನು ಎರಡನೇ ಭಾಗದ ಸಿದ್ಧ ವಾಕ್ಯಗಳಿಂದ ತೆಗೆದುಕೊಳ್ಳಬೇಡಿ. ಹಾಳೆಯ ನಾಲ್ಕನೇ ಭಾಗಕ್ಕೆ ಹೋಗಿ. ಒಳ್ಳೆಯ ತಯಾರಕರು ಕ್ಯಾಲ್ಸಿಯಂ ಗ್ಲುಕೊನೇಟ್ ಬಗ್ಗೆ ಅಲ್ಲಿ ಬರೆದಿರುತ್ತಾರೆ. ಶೇ. 5 ಎಚ್‌ಎಫ್ ಇದ್ದೂ ನಾಲ್ಕನೇ ಭಾಗದಲ್ಲಿ ಅದರ ಮಾತೇ ಇಲ್ಲದಿದ್ದರೆ ಆ ಹಾಳೆಯನ್ನೇ ಅನುಮಾನಿಸಿ, ತಯಾರಕರಿಗೆ ಪತ್ರ ಬರೆಯಿರಿ. ಅನುವಾದ ಅದರ ನಂತರ.

ಕಡತಗಾರ್ತಿ

ನಾಲ್ಕನೇ ಭಾಗದಲ್ಲಿ ಇದೆ ಸರ್, ಒಂದೇ ಸಾಲು, ಕೊನೆಯಲ್ಲಿ. ನಾನು ಎರಡನೇ ಭಾಗವನ್ನೇ ಕಾರ್ಡಿನ ಮೈಯಾಗಿ ಇಟ್ಟುಕೊಂಡಿದ್ದೆ, ಈಗ ತಿರುವುತ್ತೇನೆ.

ಇನ್ನು ಮೂರು ಸಂದೇಹಗಳು. ‘ಹಲವು ನಿಮಿಷ’ ಎಂದರೆ ಎಷ್ಟು ಎಂದು ಬರೆಯಲು ನನಗೆ ಅಧಿಕಾರವಿದೆಯೇ? ‘ಜಾಗರೂಕತೆಯಿಂದ ತೊಳೆಯಿರಿ’ ಎಂದರೆ ಏನು ಮಾಡಬೇಕು? ‘ವಿಷ ಕೇಂದ್ರ/ವೈದ್ಯರು’ ಎಂಬುದನ್ನು ಹೇಗೆ ಬಿಡಿಸುವುದು? ಒಬ್ಬ ಹುಡುಗ “ವಿಷ ಕೇಂದ್ರ ಎಂದರೆ ವಿಷ ಇಡುವ ಗೋದಾಮೇ?” ಎಂದು ಕೇಳಿದ.

ಹಳೆಯ ಕೆಮಿಸ್ಟ್

ಆ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ.

ಮೂಲದಲ್ಲಿ ಓರೆಗೆರೆ ಬಂದಲ್ಲೆಲ್ಲ ಅರ್ಥ ಒಂದೇ: ಲೇಬಲ್ ಬರೆಯುವವರು ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆರಿಸದೆ ಎರಡನ್ನೂ ಅನುವಾದಿಸಿದರೆ ತೀರ್ಮಾನವನ್ನು ನೋವಿನಲ್ಲಿರುವವನ ತಲೆಗೆ ಕಟ್ಟಿದಂತಾಗುತ್ತದೆ. ನಮ್ಮಲ್ಲಿ ಪಾಳಿಯ ಮಧ್ಯೆ ಯಾರೂ ವಿಷ ಮಾಹಿತಿ ಕೇಂದ್ರವನ್ನು ಹುಡುಕುವುದಿಲ್ಲ. 108 ಎಂದು ಬರೆಯಿರಿ. ಅದರ ಕೆಳಗೆ, ಎಚ್‌ಎಫ್ ಚಿಕಿತ್ಸೆ ಗೊತ್ತಿದೆ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಂಡ ಆಸ್ಪತ್ರೆಯ ಸಂಖ್ಯೆ ಇರಲಿ. ಕೇಳದೆ ಬರೆದ ಸಂಖ್ಯೆ ಅಲಂಕಾರಕ್ಕೆ ಮಾತ್ರ.

ನಿಮಿಷದ ವಿಚಾರ. ಡಬ್ಬಿಯ ಮೇಲಿನ ಲೇಬಲ್ ತಯಾರಕರದ್ದು, ಅದನ್ನು ನೀವು ಮುಟ್ಟಬೇಡಿ. ಗೋಡೆಯ ಕಾರ್ಡು ಕಾರ್ಖಾನೆಯದ್ದು, ಅದರಲ್ಲಿ ಸ್ಪಷ್ಟಪಡಿಸಬಹುದು, ಆದರೆ ಕಾರ್ಖಾನೆಯ ವೈದ್ಯರ ಸಹಿಯೊಂದಿಗೆ. ಕಣ್ಣಿಗೆ ನಾನು 15 ನಿಮಿಷ ಎನ್ನುತ್ತೇನೆ. ಕಣ್ಣು ತೊಳೆಯುವ ನಲ್ಲಿಗಳ ಅಮೆರಿಕದ ಮಾನದಂಡ Z358.1 ಕೇಳುವುದು ಅಷ್ಟು ಹೊತ್ತು ಬಿಡದೆ ಹರಿಯುವ ನೀರನ್ನೇ. ಹತ್ತು ಸೆಕೆಂಡಿನೊಳಗೆ ತಲುಪುವ ಜಾಗದಲ್ಲಿ ಆ ನಲ್ಲಿ ಇರಬೇಕು ಎಂದೂ ಹೇಳುತ್ತದೆ.

ಆಂಬುಲೆನ್ಸ್ ಕೊಠಡಿ

‘ಜಾಗರೂಕತೆಯಿಂದ’ ಎಂದು ಓದಿದವರು ನೀರನ್ನು ಮೆಲ್ಲಗೆ ಚಿಮುಕಿಸುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಆ ಪದ ತೆಗೆದು ಮಾಡಬೇಕಾದ್ದನ್ನು ಬರೆಯಿರಿ: ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿಯಿರಿ, ತಾಗಿದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ನೀರು ಮೂಗಿನ ಕಡೆಯಿಂದ ಹೊರಗೆ ಹರಿಯಲಿ. ಹಾಗೆ ಮಾಡಿದರೆ ಆಮ್ಲದ ನೀರು ಇನ್ನೊಂದು ಕಣ್ಣಿಗೆ ಹೋಗುವುದಿಲ್ಲ.

ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನೂ ಯೋಚಿಸಿ ಮೇಡಂ. ಕಣ್ಣಿಗೆ ಬಿದ್ದವನು ಕಾರ್ಡು ಓದಲಾರ. ಆ ಭಾಗವನ್ನು ಪಕ್ಕದಲ್ಲಿರುವವರಿಗೆ ಬರೆಯಿರಿ: “ಪಕ್ಕದವರ ಕಣ್ಣಿಗೆ ಬಿದ್ದರೆ ಅವರನ್ನು ಕೈಹಿಡಿದು ನಲ್ಲಿಗೆ ಕರೆದುಕೊಂಡು ಹೋಗಿ.” ‘ತೊಳೆಯಿರಿ’ ಎಂದಷ್ಟೇ ಬರೆದರೆ ಗಾಯಾಳುವೂ ಸುತ್ತ ನಿಂತವರೂ ಅದು ಮತ್ತೊಬ್ಬರಿಗೆ ಹೇಳಿದ್ದು ಎಂದುಕೊಳ್ಳುತ್ತಾರೆ.

ಮುದ್ರಣಾಲಯ

ಇಂತಹ ಕಾರ್ಡುಗಳನ್ನು ಅಚ್ಚು ಹಾಕುವವನು ನಾನು, ಒಂದು ಸಣ್ಣ ಮಾತು. ನುಂಗಿದರೆ ಎಂಬ ಭಾಗದಲ್ಲಿ “ಯಾವುದೇ ಕಾರಣಕ್ಕೂ ಗಾಯಾಳುವಿಗೆ ವಾಂತಿ ಮಾಡಿಸಬೇಡಿ” ಎಂದು ಎಲ್ಲರೂ ಬರೆಸುತ್ತಾರೆ. ನಮ್ಮ ವಾಕ್ಯದಲ್ಲಿ ‘ಬೇಡ’ ಬರುವುದು ಕಟ್ಟಕಡೆಗೆ. ಅಗಲ ಸಾಲದೆ ಸಾಲು ಮುರಿದಾಗ ಮೊದಲ ಸಾಲಿನಲ್ಲಿ ‘ವಾಂತಿ’ ನಿಲ್ಲುತ್ತದೆ, ‘ಮಾಡಿಸಬೇಡಿ’ ಕೆಳಗೆ ಹೋಗುತ್ತದೆ. ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದು ಮೊದಲಿನದು. ಒಮ್ಮೆ ಕಾರ್ಡನ್ನು ಕೊಂಡೊಯ್ದವರು ಚೌಕಟ್ಟಿಗೆ ಹೊಂದಿಸಲು ಕೆಳಗಿನ ಅಂಚನ್ನೇ ಕತ್ತರಿಸಿದ್ದನ್ನು ನೋಡಿದ್ದೇನೆ. ಉಳಿದದ್ದು ಏನೆಂದು ನೀವೇ ಊಹಿಸಿ.

ಎರಡೇ ಪದದ ಸಾಲು ಮಾಡಿಸಿ: “ವಾಂತಿ ಬೇಡ.” ಸಾಲು ಮುರಿಯದಂತೆ ನಾನು ಕಟ್ಟಿಕೊಡುತ್ತೇನೆ. ಅದರ ಮೇಲೆ ಮಾಡಬೇಕಾದದ್ದು: “ಬಾಯಿ ಮುಕ್ಕಳಿಸಿ ಉಗುಳಿಸಿ.”

ಪದಕೋಶ ಪ್ರಿಯ

ಇದೆಲ್ಲ ಸರಿ, ಆದರೆ ನೀವು ಮೂಲದ ಶ್ರೇಣಿಯನ್ನು ಕೆಡಿಸುತ್ತಿದ್ದೀರಿ. H310, H311, H312 ಮೂರೂ ಚರ್ಮಕ್ಕೆ ತಾಗುವುದರ ಬಗ್ಗೆಯೇ ಇವೆ, ತೀವ್ರತೆ ಮಾತ್ರ ಇಳಿಯುತ್ತಾ ಹೋಗುತ್ತದೆ. ಅದಕ್ಕಾಗಿಯೇ ಮಾರಣಾಂತಿಕ, ವಿಷಕಾರಿ, ಹಾನಿಕಾರಕ ಎಂಬ ಮೂರು ಬೇರೆ ಪದಗಳು. ಎಲ್ಲದಕ್ಕೂ “ಪ್ರಾಣ ಹೋಗುತ್ತದೆ” ಎಂದು ಬರೆದರೆ ಫಿನಾಯಿಲ್ ಡಬ್ಬಿಗೂ ಅದೇ, ಎಚ್‌ಎಫ್ ಡಬ್ಬಿಗೂ ಅದೇ ಆಗುತ್ತದೆ. ಆಮೇಲೆ ಯಾರೂ ನಂಬುವುದಿಲ್ಲ.

ಹಳೆಯ ಕೆಮಿಸ್ಟ್

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೂರಕ್ಕೂ ಬೇರೆ ಬೇರೆ ಮಾತು ಇರಲೇಬೇಕು, ಮತ್ತು ಕಾರ್ಖಾನೆಯ ಎಲ್ಲ ಕಾರ್ಡುಗಳಲ್ಲೂ ಅದೇ ಮೂರು ಮಾತು ಬರಬೇಕು. ನಾನು “ಪ್ರಾಣ ಹೋಗಬಹುದು”, “ವಿಷ ಏರುತ್ತದೆ”, “ಆರೋಗ್ಯ ಕೆಡುತ್ತದೆ” ಎಂದು ಇಡುತ್ತೇನೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಪದಕೋಶ ಪ್ರಿಯ

“ವಿಷ ಏರುತ್ತದೆ” ಎಂದರೆ ಹಾವು ಕಚ್ಚಿದ ಹಾಗೆ ಕೇಳುತ್ತದೆ. ಕಟ್ಟು ಕಟ್ಟಲು ಹೊರಟಾರು. ನಾನು ಒಪ್ಪಲಾರೆ.

ಬಫಿಂಗ್ ವಿಭಾಗ

ನಮ್ಮಲ್ಲಿ ಒಬ್ಬರು ನಿಜವಾಗಿಯೂ ತೋಳಿಗೆ ಹಗ್ಗ ಕಟ್ಟಿದ್ದರು. ಪದಕೋಶದ ಸರ್ ಹೇಳಿದ್ದು ತಮಾಷೆಯಲ್ಲ.

ಕಡತಗಾರ್ತಿ

ಆ ಮಧ್ಯದ ಪದವನ್ನು ಸದ್ಯ ಖಾಲಿ ಬಿಡುತ್ತೇನೆ. ಚರ್ಚೆಯನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದದ್ದು ಇದು. ಮುಂಬದಿ:

“ಪಿಕ್ಲಿಂಗ್ ಪೇಸ್ಟ್. ಇದರಲ್ಲಿ ಎಚ್‌ಎಫ್ ಆಮ್ಲ ಇದೆ.
ಚರ್ಮದ ಒಳಗೆ ಇಳಿಯುತ್ತದೆ. ಪ್ರಾಣ ಹೋಗಬಹುದು.
ತಾಗಿದಾಗ ನೋವು ಇರದೆ ಇರಬಹುದು. ಗಾಯ ಕಾಣದೆ ಇರಬಹುದು. ನೋವಿಗಾಗಿ ಕಾಯಬೇಡಿ.

ಚರ್ಮಕ್ಕೆ ತಾಗಿದರೆ
ಕೂಗಿ ಪಕ್ಕದವರನ್ನು ಕರೆಯಿರಿ. ಆಗಲೇ ನೀರಿನ ಕೆಳಗೆ ಹೋಗಿ.
ನೀರು ಸುರಿಯುತ್ತಿರುವಾಗಲೇ ಗವಸು, ಬಟ್ಟೆ, ಬೂಟು ತೆಗೆಯಿರಿ.
5 ನಿಮಿಷ ನೀರು, ನಂತರ ಕ್ಯಾಲ್ಸಿಯಂ ಜೆಲ್. ಜೆಲ್ ಬರುವವರೆಗೆ ನೀರು ಸುರಿಯುತ್ತಲೇ ಇರಲಿ.
ಜೆಲ್ ಉಜ್ಜುತ್ತಾ ಇರಿ. 10 ನಿಮಿಷಕ್ಕೊಮ್ಮೆ ಹೊಸ ಜೆಲ್. ಹಚ್ಚುವವರು ಗವಸು ಹಾಕಿಕೊಳ್ಳಿ.
ಸುಣ್ಣ, ಸೋಡಾ, ಎಣ್ಣೆ ಬೇಡ.
ಒಂದು ಹನಿ ತಾಗಿದ್ದರೂ ಆಸ್ಪತ್ರೆಗೆ ಹೋಗಿ. ಈ ಕಾರ್ಡನ್ನು ಜೊತೆಗೆ ಒಯ್ಯಿರಿ. 108.

ಪಕ್ಕದವರ ಕಣ್ಣಿಗೆ ಬಿದ್ದರೆ
ಕೈಹಿಡಿದು ಕಣ್ಣು ತೊಳೆಯುವ ನಲ್ಲಿಗೆ ಕರೆದುಕೊಂಡು ಹೋಗಿ.
ರೆಪ್ಪೆ ಅಗಲಿಸಿ ಹಿಡಿದು 15 ನಿಮಿಷ ನೀರು ಹರಿಸಿ.
ಕಣ್ಣಿಗೆ ಜೆಲ್ ಬೇಡ.

ನುಂಗಿದರೆ
ಬಾಯಿ ಮುಕ್ಕಳಿಸಿ ಉಗುಳಿಸಿ.
ವಾಂತಿ ಬೇಡ.
108.

ಮನೆಗೆ ಹೋದ ಮೇಲೆ ಬೆರಳು ಅಥವಾ ಉಗುರು ಮಿಡಿಯತೊಡಗಿದರೆ
ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ‘ಹೈಡ್ರೋಫ್ಲೋರಿಕ್ ಆಮ್ಲ ತಾಗಿದೆ’ ಎಂದು ಹೇಳಿ.”

ಹಿಂಬದಿಯಲ್ಲಿ ವೈದ್ಯರಿಗೆ: ಪೇಸ್ಟ್‌ನ ಹೆಸರು, ಎರಡು ಆಮ್ಲಗಳ ಪ್ರಮಾಣ, ಜೆಲ್ ಬೆರೆಸುವ ಅಳತೆ, ಮರಗಟ್ಟಿಸುವ ಮದ್ದಿನ ಬಗ್ಗೆ ದಾದಿಯವರು ಹೇಳಿದ ಮಾತು, ರಕ್ತದ ಕ್ಯಾಲ್ಸಿಯಂ ಮತ್ತು ಇಸಿಜಿ ನೋಡುವ ವಿಷಯ. H ಸಂಖ್ಯೆಗಳೂ ಆ ಬದಿಗೇ ಹೋಗಿವೆ. ಕಾರ್ಖಾನೆಯ ವೈದ್ಯರು ಎರಡೂ ಬದಿ ಓದುತ್ತಿದ್ದಾರೆ.

ಹಳೆಯ ಕೆಮಿಸ್ಟ್

ಬಹಳ ವಾಸಿ. ಒಂದು ತಕರಾರು. ಮೂಲದ ವಾಕ್ಯ ಮೊದಲು ಬಟ್ಟೆ ತೆಗೆಯಿರಿ, ನಂತರ ತೊಳೆಯಿರಿ ಎನ್ನುತ್ತದೆ. ನೀವು ಎರಡನ್ನೂ ಒಟ್ಟಿಗೆ ಮಾಡಿಸಿದ್ದೀರಿ. ಅದೇ ಸರಿ, ಬಟ್ಟೆ ಬಿಚ್ಚುತ್ತಾ ನಿಂತರೆ ನೀರು ತಡವಾಗುತ್ತದೆ. ಆದರೆ ತಪಾಸಣೆಗೆ ಬರುವವರು ಹಾಳೆಗೂ ಕಾರ್ಡಿಗೂ ವ್ಯತ್ಯಾಸ ಇದೆ ಎನ್ನಬಹುದು. ವೈದ್ಯರ ಸಹಿ ಆ ಸಾಲಿಗೂ ಇರಲಿ. ಕಣ್ಣಿನ ಕನ್ನಡಕವನ್ನು ಎಲ್ಲಕ್ಕಿಂತ ಕೊನೆಗೆ, ತಲೆಯ ಮೇಲಿನ ನೀರು ಇಳಿದ ಮೇಲೆ ತೆಗೆಯಬೇಕು, ಅದನ್ನು ಸೇರಿಸಿ.

ಎರಡನೇ ಪಾಳಿ

ಐದು ನಿಮಿಷ ಎಂದು ಬರೆದರೆ ನಮ್ಮ ಹುಡುಗರು ಎರಡು ನಿಮಿಷಕ್ಕೆ ಹೊರಗೆ ಬರುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಹದಿನೈದು ಎಂದು ಬರೆಯಿರಿ, ಐದಾದರೂ ನಿಲ್ಲುತ್ತಾರೆ.

ಆಂಬುಲೆನ್ಸ್ ಕೊಠಡಿ

ಹಾಗೆ ಬರೆದರೆ ನಿಯಮ ಪಾಲಿಸುವ ಒಬ್ಬ ಹುಡುಗ ಜೆಲ್ ಪಕ್ಕದಲ್ಲೇ ಇದ್ದರೂ ಹದಿನೈದು ನಿಮಿಷ ನೀರಿನಲ್ಲೇ ನಿಲ್ಲುತ್ತಾನೆ. ಅಷ್ಟು ಹೊತ್ತು ಫ್ಲೋರೈಡ್ ಒಳಗೆ ಇಳಿಯುತ್ತಿರುತ್ತದೆ. ನಾನು ಐದಕ್ಕೇ ಇರುತ್ತೇನೆ.

ಎರಡನೇ ಪಾಳಿ

ಜೆಲ್ ಪಕ್ಕದಲ್ಲೇ ಇದ್ದರೆ ತಾನೇ. ನಮ್ಮಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ, ಬೀಗದ ಕೈ ಹಗಲು ಪಾಳಿಯವರ ಜೇಬಿನಲ್ಲಿ.

ಬಫಿಂಗ್ ವಿಭಾಗ

ಕಾರ್ಡು ನನಗೆ ಅರ್ಥವಾಯಿತು. ಕೊನೆಯ ಭಾಗ ಮಾತ್ರ ಗೋಡೆಯ ಮೇಲಿದ್ದು ಪ್ರಯೋಜನವಿಲ್ಲ, ನಾನು ಮನೆಯಲ್ಲಿರುತ್ತೇನೆ. ಗುರುತಿನ ಚೀಟಿಯ ಹಿಂದೆ ಸೇರುವಷ್ಟು ಚಿಕ್ಕದಾಗಿ ಅದನ್ನು ಬೇರೆ ಮಾಡಿ ಕೊಡಿ. ನಮ್ಮ ಸಾಲಿನಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ, ಅವರಿಗೆ ಅವರ ಭಾಷೆಯಲ್ಲಿ. ಅದರಲ್ಲಿ ಆಮ್ಲದ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರಲಿ, ಕ್ಲಿನಿಕ್‌ನಲ್ಲಿ ತೋರಿಸಿದರೆ ಸಾಕಾಗುತ್ತದೆ.

ಕಡತಗಾರ್ತಿ

ಮಾಡುತ್ತೇನೆ. ಮುದ್ರಣಾಲಯದವರೇ, ಗುರುತಿನ ಚೀಟಿಯ ಅಳತೆಗೆ ನಾಲ್ಕು ಸಾಲು ಹಿಡಿಯುತ್ತದೆಯೇ? ಓದಲು ಕೊಟ್ಟು ಅರ್ಥವಾಯಿತೇ ಎಂದು ಈ ಸಲ ಕೇಳುವುದಿಲ್ಲ. ಬಣ್ಣದ ನೀರನ್ನು ಒಬ್ಬರ ಗವಸಿನ ಮೇಲೆ ಸುರಿದು, ಕಾರ್ಡು ನೋಡಿಕೊಂಡು ಮಾಡಿ ತೋರಿಸಿ ಎನ್ನುತ್ತೇನೆ. ಎಲ್ಲಿ ನಿಲ್ಲುತ್ತಾರೋ ಆ ಸಾಲನ್ನು ತಿದ್ದುತ್ತೇನೆ.

ಮುದ್ರಣಾಲಯ

ನಾಲ್ಕು ಸಾಲು ಹಿಡಿಯುತ್ತದೆ. ಐದನೆಯದಕ್ಕೆ ಅಕ್ಷರ ಸಣ್ಣದಾಗುತ್ತದೆ, ರಾತ್ರಿ ದೀಪದಲ್ಲಿ ಓದಲಾಗುವುದಿಲ್ಲ. ಪೇಸ್ಟ್ ಬಳಸುವ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಅಚ್ಚು ಹಾಕಿಸಿ, ಕಾಗದದ ಮೇಲೆ ಲ್ಯಾಮಿನೇಷನ್ ಮಾಡಿದರೆ ಅಂಚಿನಿಂದ ಆಮ್ಲದ ಹಬೆ ನುಗ್ಗಿ ಕೆಲವೇ ವಾರಗಳಲ್ಲಿ ಹಳದಿಯಾಗುತ್ತದೆ.

ಎರಡನೇ ಪಾಳಿ

ಬೀಗದ ವಿಚಾರ ಇಂದು ಮಾತನಾಡಿದೆ. ಬೀಗ ತೆಗೆದರೆ ಜೆಲ್ ಕಳುವಾಗುತ್ತದೆ ಎನ್ನುತ್ತಾರೆ. ಒಡೆದು ತೆಗೆಯುವ ಪ್ಲಾಸ್ಟಿಕ್ ಸೀಲ್ ಹಾಕಿ, ಪ್ರತಿ ಪಾಳಿ ಬದಲಾಗುವಾಗ ಸೀಲ್ ಮತ್ತು ಜೆಲ್‌ನ ಅವಧಿ ನೋಡಿ ಪುಸ್ತಕದಲ್ಲಿ ಸಹಿ ಮಾಡುವಂತೆ ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ.